ಒಂದು ಕಾರ್ಡಿಗೆ ಮೂರು ತಾರೀಖು, ಎರಡು ಹೆಸರು: ಹಳೇ ಕಾಗದಗಳನ್ನ ಟೈಪ್ ಮಾಡೋದು ಹೇಗೆ

ಪ್ರಶ್ನೆ: ನಮ್ಮ ಅಜ್ಜಿಯ ಟ್ರಂಕಿನಲ್ಲಿ ನೂರಾ ಮೂವತ್ತು ಚಿಲ್ಲರೆ ಕಾರ್ಡು, ಇನ್‌ಲ್ಯಾಂಡ್ ಲೆಟರ್ ಸಿಕ್ಕಿವೆ. ಒಂದೊಂದೇ ಟೈಪ್ ಮಾಡ್ತಾ ಇದೀನಿ, ಕಳಿಸಿದವರು, ಯಾರಿಗೆ, ತಾರೀಖು ಅಂತ ಮೂರು ಕಾಲಂ ಹಾಕ್ಕೊಂಡಿದೀನಿ. ಮೊದಲನೇ ಕಾರ್ಡಿಗೇ ಸಿಕ್ಕಾಕೊಂಡೆ. 5 ನಯೇ ಪೈಸೆ ಕಾರ್ಡು, ಮೇಲ್ಗಡೆ "ವಿಕಾರಿ ಸಂ|| ಭಾದ್ರಪದ ಬ|| ೩೦ ಶುಕ್ರವಾರ" ಅಂತಿದೆ. ಸಿದ್ದಾಪುರದ ಸೀಲಲ್ಲಿ 3 ಅಕ್ಟೋಬರ್ ಅಂತ ಕಾಣ್ತದೆ, ವರ್ಷ ಅಳಿಸಿಹೋಗಿದೆ. ಬೆಂಗಳೂರಿನ ಸೀಲಲ್ಲಿ 5 ಅಕ್ಟೋಬರ್. ಅಡ್ರೆಸ್ ಇರೋದು ನಮ್ಮ ಅಜ್ಜನ ಹೆಸರಿಗೆ, ಒಳಗೆ ನೋಡಿದ್ರೆ "ಚಿ|| ಸೌ||" ಅಂತ ಅಜ್ಜಿ ಹೆಸರು. ಯಾವ ತಾರೀಖು ಹಾಕ್ಲಿ, ಯಾರಿಗೆ ಅಂತ ಬರೀಲಿ?

ಉತ್ತರ:

ಮೂರು ಕಾಲಂ ಸಾಲಲ್ಲ, ಅದೇ ನಿಮ್ಮ ತೊಂದರೆ. ನಾನೂ ಶುರುವಲ್ಲಿ ಹೀಗೇ ಒಂದೇ ತಾರೀಖಿನ ಕಾಲಂ ಇಟ್ಕೊಂಡು ಒಂದು ಮನೆತನದ ಇನ್ನೂರಕ್ಕೂ ಹೆಚ್ಚು ಕಾಗದ ಹತ್ತಿಸಿಬಿಟ್ಟಿದ್ದೆ, ಕೆಲವಕ್ಕೆ ಬರೆದ ದಿನ, ಕೆಲವಕ್ಕೆ ಸೀಲಿನ ದಿನ ಯಾವುದು ಚೆನ್ನಾಗಿ ಕಾಣ್ತೋ ಅದು. ಆಮೇಲೆ ತಾರೀಖಿನ ಪ್ರಕಾರ ಜೋಡಿಸಿ ಓದಿದ್ರೆ ಉತ್ತರ ಮೊದಲು ಬರ್ತಿತ್ತು, ಪ್ರಶ್ನೆ ಆಮೇಲೆ ಬರ್ತಿತ್ತು. ಪೂರ್ತಿ ಮತ್ತೆ ಮಾಡಬೇಕಾಯ್ತು. ನೀವು ಮೊದಲನೇ ಕಾರ್ಡಲ್ಲೇ ನಿಂತಿದ್ದು ಒಳ್ಳೇದಾಯ್ತು.

ನಿಮ್ಮ ಕಾರ್ಡಿನಲ್ಲಿರೋ ಮೂರು ತಾರೀಖೂ ಸರಿಯೇ, ಮೂರೂ ಬೇರೆ ಬೇರೆ ಸಂಗತಿ ಹೇಳ್ತವೆ. ಒಳಗಿರೋದು ಬರೆದ ದಿನ, ಸಿದ್ದಾಪುರದ ಸೀಲು ಪೋಸ್ಟಾಫೀಸು ಆ ಕಾರ್ಡನ್ನ ಕೈಗೆತ್ಕೊಂಡ ದಿನ, ಬೆಂಗಳೂರಿನ ಸೀಲು ಅದು ಡೆಲಿವರಿ ಮಾಡೋ ಆಫೀಸು ಮುಟ್ಟಿದ ದಿನ. ಮೂರಕ್ಕೂ ಮೂರು ಕಾಲಂ ಮಾಡಿ. ಪಕ್ಕದಲ್ಲಿ ಇದು ಎಲ್ಲಿಂದ ಸಿಕ್ತು ಅಂತ ಒಂದು ಸಣ್ಣ ಕಾಲಂ ಇರಲಿ: ಬರೆದವರೇ ಹಾಕಿದ್ದು, ಸೀಲಿನಿಂದ ಓದಿದ್ದು, ಅಥವಾ ನೀವು ಲೆಕ್ಕ ಹಾಕಿ ಕಂಡುಕೊಂಡಿದ್ದು. ಈ ಕೊನೇದನ್ನ ಬರೆಯದೆ ಬಿಟ್ರೆ ಎರಡು ವರ್ಷ ಬಿಟ್ಟು ನಿಮಗೇ ಗೊತ್ತಾಗಲ್ಲ, ಆ ವರ್ಷ ಕಾರ್ಡಲ್ಲಿತ್ತಾ ನೀವು ಹಾಕಿದ್ದಾ ಅಂತ.

ಈಗ ವರ್ಷ ಹುಡುಕೋಣ. ವಿಕಾರಿ ಅನ್ನೋದು ಅರವತ್ತು ಸಂವತ್ಸರದ ಚಕ್ರದಲ್ಲಿ ಒಂದು, ಅಂದ್ರೆ ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರ್ತದೆ. ಇತ್ತೀಚಿನ ವಿಕಾರಿ 2019ರ ಯುಗಾದಿಯಿಂದ 2020ರ ಯುಗಾದಿವರೆಗೆ ಇತ್ತು, ಅದಕ್ಕಿಂತ ಹಿಂದಿನದು 1959-60, ಅದಕ್ಕೂ ಹಿಂದಿನದು 1899-1900. ನಿಮ್ಮ ಕಾರ್ಡಿನ ಮೇಲೆ ನಯೇ ಪೈಸೆ ಅಂತ ಅಚ್ಚಾಗಿದೆ ಅಂದ್ರಿ, ನಯೇ ಪೈಸೆ ಶುರುವಾಗಿದ್ದೇ 1957ರ ಏಪ್ರಿಲ್ 1ಕ್ಕೆ, 1964ರ ಜೂನ್‌ನಲ್ಲಿ "ನಯೇ" ಅನ್ನೋದನ್ನ ಕೈಬಿಟ್ಟು ಬರೀ ಪೈಸೆ ಮಾಡಿದ್ರು. ಹಾಗಾಗಿ 1899 ಆಗೋಕೆ ಸಾಧ್ಯ ಇಲ್ಲ, 2019 ಅಂತೂ ದೂರದ ಮಾತು. ಉಳಿಯೋದು 1959-60 ಒಂದೇ.

ಇಲ್ಲಿ ಒಂದು ಕಡೆ ಎಲ್ಲರೂ ಎಡವ್ತಾರೆ. ಸಂವತ್ಸರ ಜನವರಿಗೆ ಶುರುವಾಗಲ್ಲ, ಯುಗಾದಿಗೆ ಶುರುವಾಗ್ತದೆ. ವಿಕಾರಿ ಸಂವತ್ಸರ 1959ರ ಏಪ್ರಿಲ್ ಎರಡನೇ ವಾರದಿಂದ 1960ರ ಮಾರ್ಚ್ ಕೊನೆವರೆಗೆ. ಅಂದ್ರೆ "ವಿಕಾರಿ ಶ್ರಾವಣ" ಅಂದ್ರೆ 1959, ಆದ್ರೆ "ವಿಕಾರಿ ಮಾಘ" ಅಂದ್ರೆ 1960. ನಿಮ್ಮ ಟ್ರಂಕಲ್ಲಿ ಮಾಘ, ಫಾಲ್ಗುಣದ ಕಾಗದ ಇದ್ರೆ ಅದಕ್ಕೆ ಮುಂದಿನ ಇಸವಿ ಹಾಕಬೇಕು, ಪುಷ್ಯ ಎರಡೂ ಕಡೆ ಕಾಲಿಡೋ ತಿಂಗಳು, ಕೆಲವು ವರ್ಷ ಮಾರ್ಗಶಿರದ ಕೊನೆಯೂ ಜನವರಿಗೆ ಹೋಗ್ತದೆ, ಅವನ್ನ ಪಂಚಾಂಗ ನೋಡಿಯೇ ತೀರ್ಮಾನ ಮಾಡಿ. ಕರಾವಳಿಯ ಕಡೆ ಸೌರಮಾನದವರು ಬರೆದ ಕಾಗದ ಇದ್ರೆ ಇನ್ನೊಂದು ತೊಡಕು, ಅವರ ವರ್ಷ ಏಪ್ರಿಲ್ ಮಧ್ಯದ ವಿಷುವಿಗೆ ಶುರು, ತಿಂಗಳ ಹೆಸರು ಮೇಷ, ವೃಷಭ ಅಂತ ಬರ್ತವೆ. ಮೇಷ ಮಾಸ ಅಂತ ಕಂಡ್ರೆ ಚೈತ್ರ ಅಂತ ತಿದ್ದಬೇಡಿ, ಇದ್ದ ಹಾಗೇ ಬಿಡಿ.

ಆಮೇಲೆ ಆ "ಬ|| ೩೦". ಇದನ್ನ ನೋಡಿ ಮೂವತ್ತನೇ ತಾರೀಖು ಅಂತ ಬರ್ಕೊಂಡವರನ್ನ ನೋಡಿದೀನಿ, ಸೆಪ್ಟೆಂಬರ್ 30 ಅಂತಲೇ ಟೈಪ್ ಮಾಡಿಬಿಟ್ಟಿರ್ತಾರೆ. ಶು|| ಅಂದ್ರೆ ಶುದ್ಧ, ಶುಕ್ಲ ಪಕ್ಷ. ಬ|| ಅಂದ್ರೆ ಬಹುಳ, ಕೃಷ್ಣ ಪಕ್ಷ. ಬಹುಳದಲ್ಲಿ ಪಾಡ್ಯದಿಂದ ಚತುರ್ದಶಿವರೆಗೆ ೧ರಿಂದ ೧೪ ಅಂತ ಬರೀತಾರೆ, ಹದಿನೈದನೇದಾದ ಅಮಾವಾಸ್ಯೆಗೆ ಮಾತ್ರ ಪಂಚಾಂಗದ ರೂಢಿಯಂತೆ ೩೦ ಅಂತ ಹಾಕ್ತಾರೆ, ಹುಣ್ಣಿಮೆ ೧೫ ಅಲ್ವಾ, ಅದರಿಂದ ಎಣಿಸಿಕೊಂಡು ಹೋಗಿ ತಿಂಗಳು ಮುಗಿಯೋ ತಿಥಿ ಅಂತ. ಹಾಗಾಗಿ ಭಾದ್ರಪದ ಬಹುಳ ೩೦ ಅಂದ್ರೆ ಮಹಾಲಯ ಅಮಾವಾಸ್ಯೆ. 1959ರಲ್ಲಿ ಅದು ಬಂದಿದ್ದು ಅಕ್ಟೋಬರ್ 2ನೇ ತಾರೀಖು, ಆ ದಿನ ಶುಕ್ರವಾರ. ಬರೆದವರು ಅಜ್ಜಿಯ ತಂದೆ ಅಂತ ಸದ್ಯಕ್ಕೆ ಇಟ್ಕೊಳ್ಳೋಣ, ನಿಮ್ಮ ಆ ಮುತ್ತಜ್ಜ ವಾರವನ್ನೂ ಬರೆದು ದೊಡ್ಡ ಉಪಕಾರ ಮಾಡಿದಾರೆ, ತಿಥಿ ಮತ್ತು ವಾರ ಎರಡೂ ಕೂಡಿಬಂದ್ರೆ ತಾರೀಖು ಗಟ್ಟಿ. ಬರೀ ತಿಥಿ ಇದ್ರೆ ಒಂದು ದಿನ ಹಿಂದೆ ಮುಂದೆ ಆಗಬಹುದು ಅಂತ ಇಟ್ಕೊಳ್ಳಿ, ಯಾಕಂದ್ರೆ ತಿಥಿ ನಡುರಾತ್ರಿಗೆ ಬದಲಾಗಲ್ಲ, ಯಾವ ಹೊತ್ತಿಗೆ ಬೇಕಾದ್ರೂ ಬದಲಾಗ್ತದೆ, ಸಂಜೆ ಕೂತು ಬರೆದವರು ಸೂರ್ಯೋದಯದ ತಿಥಿ ಹಾಕಿದ್ರೋ ಆಗ ನಡೀತಾ ಇದ್ದ ತಿಥಿ ಹಾಕಿದ್ರೋ ಹೇಳೋಕಾಗಲ್ಲ.

ಸೀಲಿನ ಜೊತೆ ಇಟ್ಟು ನೋಡಿ ಈಗ. ಶುಕ್ರವಾರ ಅಕ್ಟೋಬರ್ 2ಕ್ಕೆ ಬರೆದಿದಾರೆ. ಅದು ಗಾಂಧಿ ಜಯಂತಿ, ರಜೆ. ಶನಿವಾರ 3ಕ್ಕೆ ಸಿದ್ದಾಪುರದಲ್ಲಿ ಸೀಲು ಬಿದ್ದಿದೆ. 4ನೇ ತಾರೀಖು ಭಾನುವಾರ. ಸೋಮವಾರ 5ಕ್ಕೆ ಬೆಂಗಳೂರಿನ ಸೀಲು. ಮೂರೂ ಒಂದರ ಹಿಂದೆ ಒಂದು ಕೂತ್ಕೋತವೆ. ಸೀಲಿನ ವರ್ಷ ಅಳಿಸಿದ್ರೂ ಈಗ ನೀವು 1959 ಅಂತ ಧೈರ್ಯವಾಗಿ ಬರೀಬಹುದು, ಆದ್ರೆ ಸೀಲಿನ ಕಾಲಂನಲ್ಲಿ ಅದನ್ನ ಚೌಕ ಕಂಸದಲ್ಲಿ [1959] ಅಂತ ಹಾಕಿ, ಅಂದ್ರೆ ಇದು ಸೀಲಲ್ಲಿ ಓದಿದ್ದಲ್ಲ ಅಂತ ಅರ್ಥ. ಕಾರ್ಡಿನ ಮಾತಿನೊಳಗೆ "ನಾಳೆಯಿಂದ ನವರಾತ್ರಿ" ಅನ್ನೋ ಥರ ಏನಾದ್ರೂ ಇದೆಯಾ ಹುಡುಕಿ ನೋಡಿ, ಇದ್ರೆ ಅದು ಇನ್ನೊಂದು ಸಾಕ್ಷಿ, ಮಹಾಲಯ ಅಮಾವಾಸ್ಯೆಯ ಮಾರನೇ ದಿನಾನೇ ಆಶ್ವಯುಜ ಪಾಡ್ಯ.

ಲೆಕ್ಕ ಹೀಗೆ ಕೂಡದೇ ಇದ್ದಾಗ ಏನು ಮಾಡೋದು ಅಂತಾನೂ ಹೇಳ್ತೀನಿ, ನಿಮಗೆ ಅಂಥವೂ ಸಿಗ್ತವೆ. ಡೆಲಿವರಿ ಸೀಲು ಹೊರಟ ಸೀಲಿಗಿಂತ ಮೊದಲಿನ ದಿನ ತೋರಿಸ್ತಾ ಇದ್ರೆ ಗಾಬರಿ ಬೇಡ. ಸೀಲಿನ ಮಧ್ಯದಲ್ಲಿರೋ ದಿನ, ತಿಂಗಳು, ವರ್ಷದ ಅಚ್ಚುಮೊಳೆಗಳನ್ನ ದಿನಾ ಬೆಳಿಗ್ಗೆ ಕೈಯಲ್ಲೇ ಬದಲಾಯಿಸ್ತಾ ಇದ್ರು, ಮರೆತ್ರೆ ನಿನ್ನೆಯ ದಿನವೇ ಬೀಳ್ತದೆ, ಜನವರಿ ಮೊದಲ ವಾರದಲ್ಲಿ ಹಳೇ ವರ್ಷವೇ ಉಳಿದಿರೋದು ಉಂಟು, ಅಂಕಿ ತಲೆಕೆಳಗಾಗಿ ಕೂತಿರೋದೂ ಉಂಟು. ಬರೆದವರೂ ಜನವರಿಯಲ್ಲಿ ಹಳೇ ಇಸವಿ ಬರೆದುಬಿಡ್ತಾರೆ, ನಾವೆಲ್ಲ ಮಾಡೋದೇ. ಇಂಥದ್ದು ಕಂಡಾಗ ಇರೋದನ್ನ ಇರೋ ಹಾಗೇ ಬರೆದು ಪಕ್ಕದಲ್ಲಿ ಟಿಪ್ಪಣಿ ಹಾಕಿ, ಮೂಲವನ್ನ ತಿದ್ದಬೇಡಿ.

ಸೀಲು ಓದೋಕೆ ಒಂದು ಉಪಾಯ. ನೀಲಿ ಶಾಯಿಯ ಬರಹದ ಮೇಲೆ ಕಪ್ಪು ಸೀಲು ಬಿದ್ದಿದ್ರೆ ಕಣ್ಣಿಗೆ ಎರಡೂ ಕಲಸಿಹೋಗಿರ್ತವೆ. ಬಣ್ಣದಲ್ಲೇ ಸ್ಕ್ಯಾನ್ ಮಾಡಿ, 600 ಡಿಪಿಐ ಸಾಕು, ಆಮೇಲೆ GIMP ಅನ್ನೋ ಫ್ರೀ ಸಾಫ್ಟ್‌ವೇರಿನಲ್ಲಿ ತೆಗೆದು Colors > Components > Extract Component ಅನ್ನೋದಕ್ಕೆ ಹೋಗಿ RGB Blue ಆರಿಸಿ. ನೀಲಿ ಶಾಯಿ ನೀಲಿ ಬೆಳಕನ್ನ ವಾಪಸ್ ಬಿಡ್ತದೆ, ಹಾಗಾಗಿ ಆ ಪದರದಲ್ಲಿ ಬರಹ ತೆಳುವಾಗಿ ಮಸುಕಾಗ್ತದೆ, ಕಪ್ಪು ಸೀಲು ಕಪ್ಪಾಗೇ ನಿಲ್ತದೆ. ಬರಹ ಓದಬೇಕಾದ್ರೆ ಇದರ ಉಲ್ಟಾ, RGB Red ತಗೊಳ್ಳಿ, ನೀಲಿ ಬರಹ ಗಾಢವಾಗ್ತದೆ. ಒಂದು ಮಿತಿ ಇದೆ: ಕಾರ್ಡು ಹಳದಿ ತಿರುಗಿದ್ರೆ ನೀಲಿ ಪದರದಲ್ಲಿ ಕಾರ್ಡೇ ಕಂದಿದ ಹಾಗೆ ಕಾಣ್ತದೆ, ಕಾಂಟ್ರಾಸ್ಟ್ ಏರಿಸಬೇಕಾಗ್ತದೆ. ಕಪ್ಪು ಶಾಯಿಯಲ್ಲಿ ಬರೆದಿದ್ರೆ ಈ ಉಪಾಯ ನಡೆಯಲ್ಲ. ಇನ್ನು ಸೀಲಿನ ಶಾಯಿಯೇ ಹಾರಿಹೋಗಿದ್ರೂ ಹೊಡೆದ ಪೆಟ್ಟು ಕಾಗದದಲ್ಲಿ ಉಳಿದಿರಬಹುದು, ಕತ್ತಲೆ ಕೋಣೆಯಲ್ಲಿ ಟಾರ್ಚನ್ನ ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟು ನೋಡಿ, ಉಬ್ಬುತಗ್ಗು ಎದ್ದು ಕಾಣ್ತದೆ. ಕಾರ್ಡಿಗೆ ನೀರು, ಎಣ್ಣೆ, ಪೌಡರ್ ಏನೂ ಹಚ್ಚಬೇಡಿ, ಹರಿದದ್ದಕ್ಕೆ ಟೇಪೂ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಸೀಲಿನ ಊರನ್ನ ನೋಡಿ ಕಳಿಸಿದವರ ಊರು ಅದೇ ಅಂತ ತೀರ್ಮಾನ ಮಾಡೋದೂ ತಪ್ಪು. ಸಿದ್ದಾಪುರ ಸೀಲು ಅಂದ್ರೆ ಕಾರ್ಡು ಸಿದ್ದಾಪುರದ ಆಫೀಸಲ್ಲಿ ಹೊರಟಿದ್ದು ಅಂತ ಅಷ್ಟೇ. ನಿಮ್ಮ ಮುತ್ತಜ್ಜನ ಮನೆ ಅಲ್ಲಿಂದ ಹತ್ತು ಮೈಲಿ ಆಚೆ ಹಳ್ಳಿಯಲ್ಲಿದ್ದು ಯಾರೋ ಪೇಟೆಗೆ ಹೋಗೋರ ಕೈಲಿ ಕೊಟ್ಟು ಡಬ್ಬಿಗೆ ಹಾಕಿಸಿರಬಹುದು. ಸೀಲಿನಲ್ಲಿ ಇಂಗ್ಲಿಷಿನ ಎಸ್. ಓ. ಅಂದ್ರೆ ಸಬ್ ಆಫೀಸು, ಬಿ. ಓ. ಅಂದ್ರೆ ಹಳ್ಳಿಯ ಬ್ರಾಂಚ್ ಆಫೀಸು, ಹೆಚ್. ಓ. ಅಂದ್ರೆ ಹೆಡ್ ಆಫೀಸು, ಆರ್. ಎಂ. ಎಸ್. ಅಂದ್ರೆ ರೈಲಿನ ಅಂಚೆ ವಿಭಾಗ. ಈ ಅಕ್ಷರಗಳನ್ನೂ ಬಿಡದೆ ಬರ್ಕೊಳ್ಳಿ. ಒಂದೇ ಕಾರ್ಡಿನ ಮೇಲೆ ಬಿ. ಓ. ಸೀಲೂ ಎಸ್. ಓ. ಸೀಲೂ ಇದ್ರೆ ಹಳ್ಳಿ ಯಾವ ಕಡೇದು ಅಂತ ಬಿ. ಓ. ಸೀಲಿನಿಂದ ಅಂದಾಜು ಸಿಗ್ತದೆ. ಊರಿನ ಹೆಸರನ್ನ ಸೀಲಲ್ಲಿ ಇದ್ದ ಸ್ಪೆಲ್ಲಿಂಗಿನಲ್ಲೇ ಹಾಕಿ, ಇವತ್ತಿನ ಹೆಸರಿಗೆ ಬೇರೆ ಕಾಲಂ. ಜಿಲ್ಲೆಯ ವಿಷಯದಲ್ಲೂ ಹಾಗೇ, ಹಳೇ ಅಡ್ರೆಸ್ಸುಗಳಲ್ಲಿ "ಉ. ಕಾನಡಾ" ಅಂದ್ರೆ ಉತ್ತರ ಕನ್ನಡ, 1956ರ ನವೆಂಬರ್ 1ಕ್ಕೆ ಮುಂಚಿನ ಕಾಗದವಾದ್ರೆ ಅದು ಮುಂಬಯಿ ರಾಜ್ಯ, ಆಮೇಲಿನದಾದ್ರೆ ಮೈಸೂರು ರಾಜ್ಯ, ಕರ್ನಾಟಕ ಅಂತ ಬರೋದು 1973ರ ನವೆಂಬರ್ ಆದಮೇಲೆ. ಅಡ್ರೆಸ್ಸಲ್ಲಿ "ಬೆಂಗಳೂರು-೩" ಅಂತಿದ್ರೆ ಅದು ಮಲ್ಲೇಶ್ವರದ ನಂಬರು, ಪಿನ್‌ಕೋಡ್ ಬಂದಾಗ ಅದೇ 560003 ಆಯ್ತು. ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ, ಹಾಗಾಗಿ ತಾರೀಖೇ ಇಲ್ಲದ ಇನ್‌ಲ್ಯಾಂಡಿನಲ್ಲಿ ಆರಂಕಿ ಪಿನ್ ಬರೆದಿದ್ರೆ, ಅಥವಾ ಪಿನ್‌ಗೆ ಅಂತ ಚೌಕಗಳನ್ನ ಅಚ್ಚು ಹಾಕಿದ್ರೆ, ಅದು ಅದರ ನಂತರದ್ದು. ಇನ್‌ಲ್ಯಾಂಡ್ ಲೆಟರೇ ಬಂದಿದ್ದು 1950ರ ಅಕ್ಟೋಬರ್ 2ಕ್ಕೆ. ಅಚ್ಚಾದ ಬೆಲೆಯಿಂದ ಕಾಗದ ಯಾವಾಗಿಂದ ಈಚಿನದು ಅಂತ ಮಾತ್ರ ಗೊತ್ತಾಗ್ತದೆ, ಯಾವಾಗಿನವರೆಗೆ ಅಂತ ಗೊತ್ತಾಗಲ್ಲ, ಯಾಕಂದ್ರೆ ಮನೆಯಲ್ಲಿ ಹಳೇ ಕಾರ್ಡು ಉಳಿದಿದ್ರೆ ಮೇಲೊಂದು ಸ್ಟ್ಯಾಂಪು ಹಚ್ಚಿ ವರ್ಷಗಟ್ಟಲೆ ಬಳಸ್ತಾ ಇದ್ರು. ಅಂಥ ಹೆಚ್ಚುವರಿ ಸ್ಟ್ಯಾಂಪು ಇದ್ರೆ ಅದರ ಬೆಲೆಯನ್ನೂ ಬರೀರಿ.

ಇನ್ನು ಹೆಸರುಗಳ ವಿಷಯ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. "ಯಾರಿಗೆ" ಅನ್ನೋ ಒಂದು ಕಾಲಂ ಇಟ್ಟು ಅಡ್ರೆಸ್ಸಿನ ಹೆಸರು ತುಂಬಿಸಿದ್ರೆ ನಿಮ್ಮ ಪಟ್ಟಿಯಿಂದ ಅಜ್ಜಿ ಪೂರ್ತಿ ಮಾಯ ಆಗ್ತಾರೆ. ಆ ಕಾಲದಲ್ಲಿ ಮಗಳಿಗೆ ಬರೆದ ಕಾಗದವನ್ನ ಅಳಿಯನ ಹೆಸರಿಗೆ, ಇಲ್ಲಾ ಮಾವನ ಹೆಸರಿಗೆ, ಇಲ್ಲಾ ಮನೆ ಕೆಳಗಿನ ಅಂಗಡಿಯವರ ಕೇರಾಫ್ ಹಾಕಿ ಕಳಿಸೋದು ಮಾಮೂಲು. ಪೋಸ್ಟ್‌ಮನ್‌ಗೆ ಗಂಡಸರ ಹೆಸರು ಗೊತ್ತಿರ್ತಿತ್ತು, ಹೆಂಗಸರದ್ದು ಗೊತ್ತಿರ್ತಿರಲಿಲ್ಲ. ಟ್ರಂಕಿನಲ್ಲಿ ಜೋಪಾನ ಮಾಡಿಟ್ಟಿದ್ದು ನಿಮ್ಮ ಅಜ್ಜಿ, ಕಾಗದ ಅವರದೇ. ಹಾಗಾಗಿ ಎರಡು ಕಾಲಂ ಮಾಡಿ, ಒಂದು ಅಡ್ರೆಸ್ಸಿನ ಹೆಸರು, ಇನ್ನೊಂದು ಒಕ್ಕಣೆಯ ಹೆಸರು, ಅಂದ್ರೆ ಒಳಗೆ ಯಾರನ್ನ ಕರೆದು ಬರೆದಿದಾರೋ ಅವರು. ಒಂದೇ ಕಾರ್ಡಲ್ಲಿ ಇಬ್ಬರು ಮೂವರನ್ನ ಕರೆದಿರೋದೂ ಉಂಟು, ಮೊದಲು ಅಳಿಯನಿಗೆ ನಾಲ್ಕು ಸಾಲು, ಆಮೇಲೆ "ಚಿ|| ಸೌ||" ಅಂತ ಮಗಳಿಗೆ. ಎಲ್ಲರ ಹೆಸರನ್ನೂ ಹಾಕಿ.

ಕಳಿಸಿದವರ ಕಡೆಯೂ ಇದೇ ಇಬ್ಬಂದಿ. ಅಮ್ಮ ಹೇಳಿ ಶಾಲೆ ಹುಡುಗನ ಕೈಲಿ ಬರೆಸಿದ್ದು, ಓದು ಬರಹ ಬಾರದವರು ಮೇಷ್ಟ್ರ ಹತ್ರ ಬರೆಸಿದ್ದು ಬೇಕಾದಷ್ಟು ಸಿಗ್ತವೆ. ಹೇಗೆ ಗೊತ್ತಾಗ್ತದೆ ಅಂದ್ರೆ ರುಜುವಿನ ಕೈಬರಹ ಬೇರೆ ಇರ್ತದೆ, ಅಥವಾ ಒಂದೇ ಅಮ್ಮನ ಮೂರು ಕಾಗದ ಮೂರು ಥರದ ಅಕ್ಷರದಲ್ಲಿರ್ತದೆ, ಅಥವಾ ಕೊನೆಯಲ್ಲಿ ಬರೆದುಕೊಟ್ಟವರು ತಮ್ಮದೂ ಒಂದು ಸಾಲು ನಮಸ್ಕಾರ ಸೇರಿಸಿರ್ತಾರೆ. ಯಾರ ಮಾತು, ಯಾರ ಕೈ ಅಂತ ಎರಡನ್ನೂ ಬರ್ಕೊಳ್ಳಿ, ಕೈ ಯಾರದು ಗೊತ್ತಿಲ್ಲ ಅಂದ್ರೆ "ಬೇರೆ ಕೈ" ಅಂತ ಹಾಕಿದ್ರೆ ಸಾಕು.

ಒಕ್ಕಣೆಯ ಸಂಕ್ಷೇಪಗಳನ್ನ ಹುಷಾರಾಗಿ ನೋಡಿ, ಅವು ಬರೀ ಶಿಷ್ಟಾಚಾರ ಅಲ್ಲ. ತೀ|| ರೂ|| ಅಂದ್ರೆ ತೀರ್ಥರೂಪ, ತಂದೆಗೋ ತಂದೆ ಸಮಾನರಿಗೋ. ಚಿ|| ಅಂದ್ರೆ ಚಿರಂಜೀವಿ, ಕಿರಿಯರಿಗೆ. ರಾ|| ರಾ|| ಅಂತ ಇದ್ರೆ ರಾಜಮಾನ್ಯ ರಾಜಶ್ರೀ, ಧಾರವಾಡ ಬೆಳಗಾವಿ ಕಡೆ ಜಾಸ್ತಿ ಕಾಣ್ತದೆ. ಮ|| ರಾ|| ಅಂದ್ರೆ ಮಹಾರಾಜಶ್ರೀ. ಉ|| ಕು|| ಸಾಂ|| ಅಂದ್ರೆ ಉಭಯ ಕುಶಲೋಪರಿ ಸಾಂಪ್ರತ, ಅಂದ್ರೆ ಎರಡೂ ಕಡೆ ಕ್ಷೇಮ, ಈಗ ವಿಷಯಕ್ಕೆ ಬರ್ತೀನಿ ಅಂತ. ಸೌ|| ಅಂದ್ರೆ ಸೌಭಾಗ್ಯವತಿ, ಗಂ|| ಭಾ|| ಅಂದ್ರೆ ಗಂಗಾಭಾಗೀರಥಿ, ಗಂಡ ತೀರಿಹೋದ ಹೆಂಗಸಿಗೆ ಬಳಸ್ತಿದ್ದ ಮಾತು. ಈ ಕೊನೆಯ ಎರಡು ತಾರೀಖಿಲ್ಲದ ಕಾಗದಗಳಿಗೆ ಬಹಳ ಸಹಾಯ ಮಾಡ್ತವೆ: ಒಬ್ಬರೇ ಅಜ್ಜಿಯನ್ನ ಒಂದು ಕಾಗದದಲ್ಲಿ ಸೌ|| ಅಂತಲೂ ಇನ್ನೊಂದರಲ್ಲಿ ಗಂ|| ಭಾ|| ಅಂತಲೂ ಕರೆದಿದ್ರೆ, ಅವರ ಯಜಮಾನರು ತೀರಿಹೋದ ದಿನ ಮನೆಯಲ್ಲಿ ಯಾರಿಗಾದ್ರೂ ಗೊತ್ತಿದ್ರೆ, ಆ ಎರಡೂ ಕಾಗದ ಆ ದಿನದ ಯಾವ ಕಡೆ ಬೀಳ್ತವೆ ಅಂತ ಗೊತ್ತಾಯ್ತು. ನಾನು ತಾರೀಖಿಲ್ಲದ ಹನ್ನೊಂದು ಇನ್‌ಲ್ಯಾಂಡ್‌ಗಳನ್ನ ಇದೊಂದರಿಂದಲೇ ಎರಡು ಗುಂಪು ಮಾಡಿದೀನಿ. ಅದಕ್ಕೇ ಹೇಳೋದು, ಟೈಪ್ ಮಾಡೋವಾಗ "ಹಳೇ ಕಾಲದ್ದು" ಅಂತ ಇವನ್ನ ಬಿಟ್ಟು ಬರೀ ಹೆಸರು ಹಾಕಬೇಡಿ.

ತಾ|| ಒಂದು ವಿಚಿತ್ರ ಸಂಕ್ಷೇಪ, ಎಲ್ಲಿ ಕೂತಿದೆ ಅನ್ನೋದರ ಮೇಲೆ ಅರ್ಥ. ಕಾಗದದ ತಲೆಯಲ್ಲಿ ಅಂಕಿಯ ಜೊತೆ ಇದ್ರೆ ತಾರೀಖು, ಅಡ್ರೆಸ್ಸಲ್ಲಿ ಊರಿನ ಜೊತೆ ಇದ್ರೆ ತಾಲ್ಲೂಕು. ಮು|| ಪೋ|| ಅಂದ್ರೆ ಮುಕ್ಕಾಂ ಮತ್ತು ಪೋಸ್ಟು ಎರಡೂ ಅದೇ ಊರು. ಬರೀ ಮು|| ಅಂತ ಒಂದು ಊರು, ಪೋ|| ಅಂತ ಇನ್ನೊಂದು ಊರು ಇದ್ರೆ ಮೊದಲನೇದೇ ಮನೆ ಇರೋ ಹಳ್ಳಿ.

ಟೈಪ್ ಮಾಡೋ ಕ್ರಮಕ್ಕೆ ಬರ್ತೀನಿ. ಸಾಲಿಗೆ ಸಾಲು, ಕಾರ್ಡಲ್ಲಿ ಎಲ್ಲಿ ಮುರಿದಿದೆಯೋ ಅಲ್ಲೇ ಮುರಿದು ಟೈಪ್ ಮಾಡಿ. ಸಾಲು ಮುರಿದಿದ್ದು ತೋರಿಸೋಕೆ ಕೆಲವರು ಉದ್ದ ಗೆರೆ ಹಾಕ್ತಾರೆ, ಇಂಗ್ಲಿಷ್ ಕಾಗದಕ್ಕೆ ಅದು ಸರಿ, ನಮ್ಮ ಕಾಗದಕ್ಕೆ ಆಗಲ್ಲ, ಯಾಕಂದ್ರೆ ಚಿ||, ಸೌ||, ಬ|| ಅಂತ ನಮ್ಮಲ್ಲಿ ಆ ಗೆರೆ ಬರಹದಲ್ಲೇ ಇದೆ, ಆಮೇಲೆ ಯಾವುದು ಮುತ್ತಜ್ಜನ ಗೆರೆ ಯಾವುದು ನಿಮ್ಮ ಗೆರೆ ಅಂತ ಬಿಡಿಸೋಕಾಗಲ್ಲ. ಸುಮ್ಮನೆ ಎಂಟರ್ ಹೊಡೀರಿ. ಆ ಜೋಡಿ ಗೆರೆಯನ್ನೂ ಎಲ್ಲಾ ಕಾಗದಕ್ಕೂ ಒಂದೇ ಕೀಲಿಯಿಂದ ಹೊಡೀರಿ, ಒಂದು ಕಡೆ ಕೀಬೋರ್ಡಿನ ಗೆರೆ ಎರಡು ಸಲ, ಇನ್ನೊಂದು ಕಡೆ ದೇವನಾಗರಿಯ ಪೂರ್ಣವಿರಾಮದ ಜೋಡಿದಂಡ ಅಂತ ಮಾಡಿದ್ರೆ ಕಣ್ಣಿಗೆ ಒಂದೇ ಥರ ಕಾಣ್ತದೆ, ಹುಡುಕಿದ್ರೆ ಸಿಗಲ್ಲ. ಓದೋಕಾಗದ ಪದಕ್ಕೆ [...], ಅನುಮಾನ ಇದ್ರೆ ಪದ ಆದಮೇಲೆ [?]. ಕಾಗುಣಿತ ತಪ್ಪಿದ್ರೂ, "ಬರತಕ್ಕದ್ದು" "ಬರುವದು" ಅಂತೆಲ್ಲ ಹಳೇ ರೂಪ ಇದ್ರೂ ಹಾಗೇ ಇರಲಿ. ಅಂಕಿಗಳನ್ನೂ ೧೯೫೯ ಅಂತ ಇದ್ರೆ ೧೯೫೯ ಅಂತಲೇ. ಹುಡುಕಾಟಕ್ಕೆ ಬೇಕಾದ 1959 ನಿಮ್ಮ ಕಾಲಂಗಳಲ್ಲಿರ್ತದೆ. ಕೈಬರಹದಲ್ಲಿ ೬, ೯ ಮತ್ತು ೩ ಬೇಗ ಮೋಸ ಮಾಡ್ತವೆ, ಅನುಮಾನ ಬಂದ್ರೆ ಅದೇ ಕೈಯ ಇನ್ನೊಂದು ಕಾಗದದಲ್ಲಿ ಅನುಮಾನವಿಲ್ಲದ ಒಂದು ೬, ಒಂದು ೯ ಹುಡುಕಿ ಪಕ್ಕದಲ್ಲಿಟ್ಟು ಹೋಲಿಸಿ.

ಕಾರ್ಡಿನ ಅಡ್ರೆಸ್ ಬದಿಯ ಎಡ ಅರ್ಧವನ್ನ ಮರೀಬೇಡಿ, ಹಿಂದಿನ ಬದಿ ತುಂಬಿದ ಮೇಲೆ ಮಾತು ಅಲ್ಲಿಗೆ ಹರಿದಿರ್ತದೆ, ಅಲ್ಲೂ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿರ್ತಾರೆ. ಇನ್‌ಲ್ಯಾಂಡಲ್ಲಿ ಒಳಗಿನ ಮಡಿಕೆ ಮುಗಿದ ಮೇಲೆ ಹೊರಗಿನ ಫ್ರಮ್ ಅಡ್ರೆಸ್ಸಿನ ಹತ್ರದ ಖಾಲಿ ಮಡಿಕೆಗೆ, ಆಮೇಲೆ ಅಂಟಿನ ಅಂಚಿಗೆ. ಅಂಟು ಬಿಡಿಸೋವಾಗ ಹರಿದು ಕೆಲವು ಅಕ್ಷರ ಹೋಗಿರ್ತವೆ, ಸ್ಟ್ಯಾಂಪು ಸಂಗ್ರಹ ಮಾಡೋ ಹುಡುಗರು ಸ್ಟ್ಯಾಂಪಿನ ಜಾಗ ಕತ್ತರಿಸಿಟ್ಕೊಂಡಿದ್ರೆ ಸೀಲೂ ಹೋಯ್ತು, ಅದರ ಹಿಂದಿನ ಒಳಗಿನ ಬರಹವೂ ಹೋಯ್ತು. ಅಂಥಲ್ಲಿ [ಕತ್ತರಿಸಿದೆ] ಅಂತ ಬರೀರಿ, ಇಲ್ಲಾಂದ್ರೆ ಓದೋರು ನಿಮಗೆ ಓದೋಕೆ ಬರಲಿಲ್ಲ ಅಂದ್ಕೋತಾರೆ. ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ್ದು, ಕಾಗದ ಬಂದ ಮನೆಯವರು ಪೆನ್ಸಿಲಲ್ಲಿ "ಉತ್ತರ ಬರೆದಿದೆ" ಅಂತ ಗುರುತು ಹಾಕಿದ್ದು, ಹಿಂದುಗಡೆ ಹಾಲಿನ ಲೆಕ್ಕ ಬರೆದದ್ದು, ಇವೆಲ್ಲ ಕಾಗದದ ಮಾತಿನೊಳಗೆ ಸೇರಿಸಬೇಡಿ, ಬೇರೆ ಕಾಲಂ. ಅವು ಕಳಿಸಿದವರದ್ದಲ್ಲ, ತಗೊಂಡವರದ್ದು.

ನಿಮ್ಮ ಕಾರ್ಡಿನ ದಾಖಲೆ ಹೀಗೆ ಬರ್ತದೆ, ನಂಬರ್ 001 ಅಂತಿಟ್ಟುಕೊಂಡಿದೀನಿ:

```
ಫೈಲು: 1959-10-02_001_a.jpg (ಅಡ್ರೆಸ್ ಬದಿ), 1959-10-02_001_b.jpg
ಬಗೆ: ಪೋಸ್ಟ್ ಕಾರ್ಡ್, ಅಚ್ಚು ಬೆಲೆ 5 ನಯೇ ಪೈಸೆ
ಬರೆದ ದಿನ, ಇದ್ದಂತೆ: ವಿಕಾರಿ ಸಂ|| ಭಾದ್ರಪದ ಬ|| ೩೦ ಶುಕ್ರವಾರ
ಬರೆದ ದಿನ: 1959-10-02 (ಪಂಚಾಂಗದಿಂದ ಲೆಕ್ಕ)
ಹೊರಟ ಸೀಲು: SIDDAPUR, 3 OCT [1959]
ಮುಟ್ಟಿದ ಸೀಲು: BANGALORE, 5 OCT [1959]
ಯಾರ ಮಾತು / ಯಾರ ಕೈ: ಅಜ್ಜಿಯ ತಂದೆ / ಅದೇ ಕೈ [?]
ಅಡ್ರೆಸ್ಸಿನ ಹೆಸರು: ಅಜ್ಜ
ಒಕ್ಕಣೆಯ ಹೆಸರು: ಅಜ್ಜಿ (ಚಿ|| ಸೌ||)
```

ಅಜ್ಜ ಅಜ್ಜಿ ಅಂತ ಇಲ್ಲಿ ಹಾಕಿದೀನಿ, ನೀವು ಪೂರ್ತಿ ಹೆಸರು ಹಾಕಿ. ಬರೆದವರು ಅಜ್ಜಿಯ ತಂದೆ ಅನ್ನೋದು ಚಿ|| ಸೌ|| ನೋಡಿ ನಾನು ಅಂದ್ಕೊಂಡಿದ್ದು, ಅಣ್ಣನೋ ಸೋದರಮಾವನೋ ಆಗಿದ್ರೂ ಅದೇ ಬರೀತಿದ್ರು. "ನಿನ್ನ ತಂದೆ ಮಾಡುವ ಆಶೀರ್ವಾದಗಳು" ಅನ್ನೋ ಥರ ಸಾಲು ಇದೆಯಾ ನೋಡಿ, ಆಮೇಲೆ ತಿದ್ದಿಕೊಳ್ಳಿ. ಫೈಲಿನ ಹೆಸರಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಹಾಗಿಟ್ರೆ ಕಂಪ್ಯೂಟರು ತಾನೇ ಕಾಲಕ್ರಮದಲ್ಲಿ ಜೋಡಿಸ್ತದೆ. ತಾರೀಖು ಗೊತ್ತಿಲ್ಲದ್ದಕ್ಕೆ 0000-00-00 ಅಂತಿಟ್ಟು ಎಲ್ಲ ಒಂದೇ ಕಡೆ ಕೂರೋ ಹಾಗೆ ಮಾಡಿ, ಅಂದಾಜಿಗೆ ಇಸವಿ ಹಾಕಬೇಡಿ. ಚಿ|| ಅಂತ ಇದ್ದದ್ದನ್ನ ಚಿ[ರಂಜೀವಿ] ಅಂತ ಬಿಡಿಸಿದ ಇನ್ನೊಂದು ಪ್ರತಿ ಮಾಡಿಟ್ರೆ ನಿಮ್ಮ ಮಕ್ಕಳಿಗೆ ಓದೋಕೂ ಹುಡುಕೋಕೂ ಸಲೀಸು, ಆದ್ರೆ ಅದು ಎರಡನೇ ಪ್ರತಿ, ಇದ್ದ ಹಾಗೆ ಟೈಪ್ ಮಾಡಿದ್ದೇ ಮೊದಲನೇದು.

ಕಾಗದಗಳನ್ನ ಟ್ರಂಕಿಂದ ತೆಗೆಯೋವಾಗ ಯಾವ ಕಟ್ಟಲ್ಲಿ ಯಾವುದರ ಪಕ್ಕ ಇತ್ತು ಅಂತ ಮೊದಲು ಫೋಟೋ ತೆಗೆದಿಟ್ಕೊಳ್ಳಿ, ದಾರ ಬಿಚ್ಚಿಬಿಟ್ಟಿದ್ರೆ ನೆನಪಿರೋಷ್ಟನ್ನ ಇವತ್ತೇ ಬರೆದಿಡಿ. ಅಜ್ಜಿ ಒಂದು ಕಟ್ಟಿನಲ್ಲಿ ತವರಿನದು, ಇನ್ನೊಂದರಲ್ಲಿ ಮಕ್ಕಳದು ಅಂತ ಕಟ್ಟಿಟ್ಟಿರ್ತಾರೆ, ತಾರೀಖೂ ರುಜುವೂ ಇಲ್ಲದ ಒಂದು ಇನ್‌ಲ್ಯಾಂಡ್ ಯಾರದ್ದು ಅಂತ ಆ ಕಟ್ಟಿನಿಂದಲೇ ಗೊತ್ತಾಗಬಹುದು. ಮೊದಲು ತಿಥಿ, ವಾರ, ಸೀಲು ಮೂರೂ ಇರೋ ಕಾಗದಗಳನ್ನ ಮುಗಿಸಿ, ಅವುಗಳ ಕೈಬರಹ, ಒಕ್ಕಣೆ ಕಣ್ಣಿಗೆ ಕೂತ ಮೇಲೆ ಉಳಿದವಕ್ಕೆ ಕೈ ಹಾಕಿ. ಆ ಕಾರ್ಡಿನ ಬೆಂಗಳೂರು ಸೀಲಿನ ಸುತ್ತ ಇನ್ನೂ ಏನೋ ಸಣ್ಣ ಅಕ್ಷರ ಇರಬೇಕು, ಯಾವ ಬಡಾವಣೆಯ ಆಫೀಸು ಅಂತ. RGB Blue ಹಾಕಿ ನೋಡಿ, ಏನು ಕಾಣ್ತು ತಿಳಿಸಿ.